ಒಂದೇ ಗಿರಣಿ, ಒಂದೇ ವರ್ಷ, ಎರಡು ಲಾಭ: ಅಬ್ಸಾರ್ಪ್ಷನ್ ಪದ್ಧತಿಯೋ, ಮಾರ್ಜಿನಲ್ ಪದ್ಧತಿಯೋ?

ಕಲಬುರಗಿಯ ಒಂದು ತೊಗರಿಬೇಳೆ ಗಿರಣಿಯ ವರ್ಷದ ಲೆಕ್ಕವನ್ನು ಇಬ್ಬರಿಗೆ ಕೊಟ್ಟರೆ ಒಬ್ಬರು 20 ಲಕ್ಷ ರೂಪಾಯಿ ಲಾಭ ಎನ್ನಬಹುದು, ಇನ್ನೊಬ್ಬರು 32 ಲಕ್ಷ ಎನ್ನಬಹುದು. ಇಬ್ಬರ ಕೂಡಿಸುವ ಕಳೆಯುವ ಲೆಕ್ಕದಲ್ಲೂ ತಪ್ಪಿರುವುದಿಲ್ಲ, ಯಾರೂ ಬಿಲ್ಲು ಮುಚ್ಚಿಟ್ಟಿರುವುದಿಲ್ಲ. ಒಬ್ಬರು ಮಾರ್ಜಿನಲ್ ಪದ್ಧತಿ ಹಿಡಿದಿದ್ದಾರೆ, ಇನ್ನೊಬ್ಬರು ಅಬ್ಸಾರ್ಪ್ಷನ್ ಪದ್ಧತಿ. ನಡುವಿನ 12 ಲಕ್ಷ ಎಲ್ಲಿದೆ ಎಂದು ಕೇಳಿದರೆ ಉತ್ತರ ಗೋದಾಮಿನಲ್ಲಿದೆ: ಮಾರದೆ ಉಳಿದ ಬೇಳೆಯ ಚೀಲಗಳ ಬೆಲೆಯೊಳಗೆ.

ಈ ವ್ಯತ್ಯಾಸ ಎಲ್ಲ ಊರಿನ ಕಾರ್ಖಾನೆಗಳಿಗೂ ಇರುವಂಥದ್ದೇ. ಆದರೆ ನಮ್ಮ ಕಡೆ ಅದಕ್ಕೆ ವಿಶೇಷ ತೂಕವಿದೆ. ತೊಗರಿ ಕಟಾವು ಡಿಸೆಂಬರಿನಲ್ಲಿ ಶುರುವಾಗಿ, ಜನವರಿ ಫೆಬ್ರವರಿಯಲ್ಲಿ ಮಾರುಕಟ್ಟೆ ತುಂಬುತ್ತದೆ. ಗಿರಣಿಗಳು ಹಗಲು ರಾತ್ರಿ ಓಡುತ್ತವೆ. ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅಂದರೆ ದಾಸ್ತಾನು ಹೆಚ್ಚೂ ಕಡಿಮೆ ತುತ್ತತುದಿಯಲ್ಲಿರುವಾಗಲೇ ನಾವು ಪುಸ್ತಕ ಮುಚ್ಚುತ್ತೇವೆ. ಎರಡು ಪದ್ಧತಿಗಳ ನಡುವಿನ ಅಂತರ ಅತಿ ಅಗಲವಾಗಿ ಕಾಣುವ ದಿನವೇ ನಮ್ಮ ಲಾಭ ಅಳೆಯುವ ದಿನವೂ ಆಗಿಬಿಟ್ಟಿದೆ.

ಜಗಳ ಒಂದೇ ಖರ್ಚಿನ ಬಗ್ಗೆ

ಮೊದಲು ಯಾವುದರ ಬಗ್ಗೆ ಜಗಳವಿಲ್ಲ ಎಂಬುದನ್ನು ನೋಡೋಣ. ತೊಗರಿಯ ಖರೀದಿ ಬೆಲೆ, ಚೀಲದ ಲೆಕ್ಕದಲ್ಲಿ ಕೊಡುವ ಹಮಾಲಿ, ಕಾಳಿಗೆ ಸವರುವ ಎಣ್ಣೆ, ಓಡಿದಷ್ಟು ಸುಡುವ ವಿದ್ಯುತ್ತಿನ ಯೂನಿಟ್ಟು, ಖಾಲಿ ಚೀಲ. ಇವೆಲ್ಲ ಬೇಳೆ ಹೆಚ್ಚಾದಂತೆ ಹೆಚ್ಚುವ, ಕಡಿಮೆಯಾದಂತೆ ಇಳಿಯುವ ಖರ್ಚು. ಎರಡೂ ಪದ್ಧತಿಗಳು ಇವನ್ನು ಬೇಳೆಯ ಬೆಲೆಗೆ ಸೇರಿಸುತ್ತವೆ. ಕಚೇರಿಯ ಸಂಬಳ, ಲೆಕ್ಕ ಪರಿಶೋಧಕರ ಶುಲ್ಕ, ಮಾರಾಟದ ದಲಾಲಿ ಇತ್ಯಾದಿಗಳನ್ನು ಎರಡೂ ದಾಸ್ತಾನಿನಿಂದ ಹೊರಗಿಡುತ್ತವೆ.

ಉಳಿಯುವುದು ಗಿರಣಿಯ ಸ್ಥಿರ ಖರ್ಚು. ಯಂತ್ರದ ಸವಕಳಿ, ಶೆಡ್ಡಿನ ಬಾಡಿಗೆ, ವಿಮೆ, ತಿಂಗಳ ಸಂಬಳದ ಮೇಸ್ತ್ರಿ ಮತ್ತು ಯಂತ್ರ ನಡೆಸುವವರು. ರೋಲರ್ ತಿರುಗಲಿ, ನಿಲ್ಲಲಿ, ಇವು ತಪ್ಪುವುದಿಲ್ಲ. ಮಾರ್ಜಿನಲ್ ಪದ್ಧತಿ ಇದನ್ನು ಆ ವರ್ಷದ ಖರ್ಚು ಎಂದು ಅಲ್ಲಿಗೇ ಕಳೆದುಬಿಡುತ್ತದೆ. ಅಬ್ಸಾರ್ಪ್ಷನ್ ಪದ್ಧತಿ ಇದನ್ನು ತಯಾರಾದ ಪ್ರತಿ ಕ್ವಿಂಟಲ್ ಬೇಳೆಗೆ ಹಂಚುತ್ತದೆ. ಆ ಬೇಳೆ ಮಾರಾಟವಾದಾಗ ಮಾತ್ರ ಖರ್ಚು ಎಂದು ಒಪ್ಪಿಕೊಳ್ಳುತ್ತದೆ. ಮಾರದೆ ಉಳಿದ ಬೇಳೆಯ ಪಾಲಿನ ಸ್ಥಿರ ಖರ್ಚು ದಾಸ್ತಾನಿನ ಬೆಲೆಯಾಗಿ ಮುಂದಿನ ವರ್ಷಕ್ಕೆ ದಾಟುತ್ತದೆ.

ಖರ್ಚನ್ನು ಎರಡು ಗುಂಪು ಮಾಡುವಾಗ ಎಡವುವುದು ಹೆಚ್ಚಾಗಿ ವಿದ್ಯುತ್ತಿನಲ್ಲಿ. ಜೆಸ್ಕಾಂ ಬಿಲ್ಲನ್ನು ತೆರೆದು ನೋಡಿ: ಮಂಜೂರಾದ ಹೊರೆಯ ಮೇಲಿನ ನಿಗದಿತ ಶುಲ್ಕ ಒಂದು ಸಾಲು, ಬಳಸಿದ ಯೂನಿಟ್ಟಿನ ಶುಲ್ಕ ಇನ್ನೊಂದು ಸಾಲು. ಮೊದಲನೆಯದು ಸ್ಥಿರ, ಎರಡನೆಯದು ಉತ್ಪಾದನೆಯ ಜೊತೆ ಏರಿಳಿಯುವಂಥದ್ದು. ಇಡೀ ಬಿಲ್ಲನ್ನು ಒಂದೇ ಖಾತೆಗೆ ಎಸೆದವರಿಗೆ ಮುಂದಿನ ಯಾವ ಲೆಕ್ಕವೂ ಸರಿಹೋಗುವುದಿಲ್ಲ.

ಒಂದು ಗಿರಣಿಯ ಎರಡು ವರ್ಷ

ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಮಧ್ಯಮ ಗಾತ್ರದ ಗಿರಣಿ ಇದೆ ಎಂದುಕೊಳ್ಳೋಣ. ಅಂಕಿಗಳು ಕಲ್ಪಿತ, ಬಾಯಿಲೆಕ್ಕಕ್ಕೆ ಸಿಗಲೆಂದು ದುಂಡಗೆ ಮಾಡಿದ್ದೇನೆ. ಒಂದು ಕ್ವಿಂಟಲ್ ಬೇಳೆಗೆ ಸುಮಾರು 1.4 ಕ್ವಿಂಟಲ್ ತೊಗರಿ ಬೇಕು. ಕ್ವಿಂಟಲಿಗೆ ₹7,000ದಂತೆ ಅದು ₹9,800. ನುಚ್ಚು, ಚುನ್ನಿ, ಹೊಟ್ಟು ಮಾರಿ ಬರುವ ₹650 ಕಳೆದರೆ ₹9,150. ಹಮಾಲಿ, ವಿದ್ಯುತ್ ಯೂನಿಟ್, ಎಣ್ಣೆ, ಚೀಲಕ್ಕೆ ₹350. ಒಟ್ಟು ₹9,500. ಇದು ಮಾರ್ಜಿನಲ್ ಪದ್ಧತಿಯಲ್ಲಿ ದಾಸ್ತಾನಿನ ಬೆಲೆ.

ಗಿರಣಿಯ ಸ್ಥಿರ ಖರ್ಚು ವರ್ಷಕ್ಕೆ 60 ಲಕ್ಷ. ಸಾಧಾರಣ ವರ್ಷದಲ್ಲಿ ಅದು ತಯಾರಿಸುವುದು 30,000 ಕ್ವಿಂಟಲ್. ಹಾಗಾಗಿ ಕ್ವಿಂಟಲಿಗೆ ₹200. ಇದನ್ನು ಸೇರಿಸಿದರೆ ₹9,700, ಇದು ಅಬ್ಸಾರ್ಪ್ಷನ್ ಪದ್ಧತಿಯ ಬೆಲೆ. ಬೇಳೆ ಮಾರುವುದು ₹10,100ಕ್ಕೆ, ದಲಾಲಿ ಮತ್ತು ಲೋಡಿಂಗಿಗೆ ₹100 ಹೋಗುತ್ತದೆ. ಕಚೇರಿ, ಬಡ್ಡಿ ಮೊದಲಾದ ಇತರ ಸ್ಥಿರ ಖರ್ಚು ವರ್ಷಕ್ಕೆ 40 ಲಕ್ಷ.

ಮೊದಲ ವರ್ಷ 30,000 ಕ್ವಿಂಟಲ್ ತಯಾರಿಸಿ 24,000 ಮಾರಿದರು. ಮಾರ್ಚ್ 31ಕ್ಕೆ 6,000 ಉಳಿಯಿತು. ಹಿಂದಿನ ದಾಸ್ತಾನು ಇರಲಿಲ್ಲ ಎಂದಿಟ್ಟುಕೊಳ್ಳಿ.

ಮಾರ್ಜಿನಲ್ ಲೆಕ್ಕ ಚಿಕ್ಕದು. ಮಾರಿದ ಪ್ರತಿ ಕ್ವಿಂಟಲಿನಿಂದ ₹10,100ರಲ್ಲಿ ₹9,500 ಮತ್ತು ₹100 ಕಳೆದು ₹500 ಉಳಿಯುತ್ತದೆ. ಕಾಂಟ್ರಿಬ್ಯೂಷನ್ ಎನ್ನುವುದು ಇದನ್ನೇ: ಸ್ಥಿರ ಖರ್ಚನ್ನು ತೀರಿಸಲು ಪ್ರತಿ ಚೀಲ ತಂದುಕೊಡುವ ದುಡ್ಡು. 24,000 ಕ್ವಿಂಟಲಿಗೆ 1 ಕೋಟಿ 20 ಲಕ್ಷ. ಅದರಿಂದ ಒಂದು ಕೋಟಿ ಸ್ಥಿರ ಖರ್ಚು ಪೂರ್ತಿ ಕಳೆದರೆ ಲಾಭ 20 ಲಕ್ಷ.

ಅಬ್ಸಾರ್ಪ್ಷನ್ ಲೆಕ್ಕದಲ್ಲಿ ಮಾರಿದ ಕ್ವಿಂಟಲಿಗೆ ₹9,700 ವೆಚ್ಚ, ಹಾಗಾಗಿ ಒಟ್ಟು ಲಾಭ ₹400ರಂತೆ 96 ಲಕ್ಷ. ದಲಾಲಿಯ 24 ಲಕ್ಷ, ಕಚೇರಿಯ 40 ಲಕ್ಷ ಕಳೆದರೆ 32 ಲಕ್ಷ. ಉಳಿದ 6,000 ಕ್ವಿಂಟಲಿಗೆ ₹200ರಂತೆ 12 ಲಕ್ಷ ರೂಪಾಯಿ ಸ್ಥಿರ ಖರ್ಚು ದಾಸ್ತಾನಿನೊಳಗೆ ಕೂತಿದೆ. ಲಾಭ ಅಷ್ಟೇ ಹೆಚ್ಚಾಗಿ ಕಂಡಿದೆ.

ಎರಡನೆಯ ವರ್ಷ ಬೆಳೆ ಕಡಿಮೆಯಾಗಿ 24,000 ಮಾತ್ರ ತಯಾರಾಯಿತು, ಹಳೆಯ 6,000 ಸೇರಿ 30,000 ಮಾರಾಟವಾಯಿತು, ಗೋದಾಮು ಖಾಲಿ.

| | ತಯಾರಿ (ಕ್ವಿಂ.) | ಮಾರಾಟ (ಕ್ವಿಂ.) | ಮಾರ್ಜಿನಲ್ ಲಾಭ | ಅಬ್ಸಾರ್ಪ್ಷನ್ ಲಾಭ |
|---|---|---|---|---|
| ಮೊದಲ ವರ್ಷ | 30,000 | 24,000 | 20 ಲಕ್ಷ | 32 ಲಕ್ಷ |
| ಎರಡನೆಯ ವರ್ಷ | 24,000 | 30,000 | 50 ಲಕ್ಷ | 38 ಲಕ್ಷ |
| ಒಟ್ಟು | 54,000 | 54,000 | 70 ಲಕ್ಷ | 70 ಲಕ್ಷ |

ಎರಡನೆಯ ವರ್ಷದ 38 ಲಕ್ಷ ಬಂದ ಬಗೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಬಹಳ ಜನ ಇಲ್ಲಿ 50 ಲಕ್ಷಕ್ಕೇ ನಿಲ್ಲುತ್ತಾರೆ. 30,000 ಕ್ವಿಂಟಲಿಗೆ ₹400ರಂತೆ 1 ಕೋಟಿ 20 ಲಕ್ಷ. ದಲಾಲಿ 30 ಲಕ್ಷ, ಕಚೇರಿ 40 ಲಕ್ಷ ಕಳೆದರೆ 50 ಲಕ್ಷ. ಆದರೆ ತಯಾರಾದದ್ದು 24,000 ಮಾತ್ರ. ₹200ರಂತೆ ಹಂಚಿದ ಸ್ಥಿರ ಖರ್ಚು 48 ಲಕ್ಷವೇ ಆಯಿತು. ನಿಜವಾಗಿ ಕೊಟ್ಟದ್ದು 60 ಲಕ್ಷ. ಯಾವ ಬೇಳೆಗೂ ಅಂಟದೆ ಉಳಿದ 12 ಲಕ್ಷವನ್ನು ಅದೇ ವರ್ಷ ಕಳೆಯಬೇಕು.

ಒಟ್ಟು ಮೊತ್ತ ಎರಡರಲ್ಲೂ ಒಂದೇ. ಬೇರೆಯಾದದ್ದು ಯಾವ ವರ್ಷಕ್ಕೆ ಎಷ್ಟು ಎಂಬುದು ಮಾತ್ರ. ಇದನ್ನೇ ಸೂತ್ರವಾಗಿ ಬರೆದಿಟ್ಟುಕೊಳ್ಳಬಹುದು. ಕ್ವಿಂಟಲಿನ ಸ್ಥಿರ ಖರ್ಚಿನ ದರ ಎರಡೂ ವರ್ಷ ಒಂದೇ ಇದ್ದರೆ:

```
ಲಾಭದ ವ್ಯತ್ಯಾಸ = (ಅಂತಿಮ ದಾಸ್ತಾನು − ಆರಂಭಿಕ ದಾಸ್ತಾನು) × ಕ್ವಿಂಟಲಿನ ಸ್ಥಿರ ಖರ್ಚು
```

ದಾಸ್ತಾನು ಏರಿದ ವರ್ಷ ಅಬ್ಸಾರ್ಪ್ಷನ್ ಲಾಭ ಹೆಚ್ಚು, ಇಳಿದ ವರ್ಷ ಮಾರ್ಜಿನಲ್ ಲಾಭ ಹೆಚ್ಚು, ಏರಿಳಿತವೇ ಇಲ್ಲದಿದ್ದರೆ ಎರಡೂ ಸಮ. ಮುಂದೆ ಹೇಳುವ ಬೆಲೆ ಕುಸಿತದ ಸಂದರ್ಭ ಬಿಟ್ಟರೆ, ಸೂತ್ರಕ್ಕೆ ಹೊಂದದ ಅಂತರ ಬಂದಾಗ ಎಲ್ಲೋ ಒಂದು ಖರ್ಚು ತಪ್ಪು ಗುಂಪಿಗೆ ಸೇರಿದೆ ಎಂದೇ ಅರ್ಥ.

ಬೇಳೆ ಗಿರಣಿಯವರು ಸಾಮಾನ್ಯವಾಗಿ ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ: «₹9,700ರಲ್ಲಿ ₹200 ಯಾವ ಲೆಕ್ಕ? ನಮ್ಮದೆಲ್ಲ ತೊಗರಿಯ ಬೆಲೆಯ ಆಟ.» ದಾಸ್ತಾನಿನ ಮೌಲ್ಯದ ಮುಂದೆ ಅದು ನಿಜ, ನೂರಕ್ಕೆ ಎರಡರಷ್ಟು. ಆದರೆ ಹೋಲಿಸಬೇಕಾದದ್ದು ಲಾಭದ ಜೊತೆ. ಕಚ್ಚಾ ಮಾಲು ದುಬಾರಿಯಾಗಿದ್ದು ಅಂಚು ತೆಳುವಾಗಿರುವ ವ್ಯಾಪಾರದಲ್ಲಿ ಕ್ವಿಂಟಲಿಗೆ ಉಳಿಯುವುದೇ ನೂರು ಇನ್ನೂರು. ಮೊದಲ ವರ್ಷದ ಆ 12 ಲಕ್ಷ, 24 ಕೋಟಿಗೂ ಮೀರಿದ ಮಾರಾಟದ ಮುಂದೆ ಏನೂ ಅಲ್ಲ. 20 ಲಕ್ಷ ಲಾಭದ ಮುಂದೆ ಅರ್ಧಕ್ಕಿಂತ ಹೆಚ್ಚು.

ಮಾರದೆಯೂ ಲಾಭ ಹೆಚ್ಚಿಸುವ ಬಗೆ

ಅಬ್ಸಾರ್ಪ್ಷನ್ ಪದ್ಧತಿಯ ದೊಡ್ಡ ದೌರ್ಬಲ್ಯ ಇಲ್ಲಿದೆ. ಮೊದಲ ವರ್ಷವನ್ನೇ ಮತ್ತೆ ತೆಗೆದುಕೊಳ್ಳಿ. ಮಾರಾಟ 24,000ವೇ ಇರಲಿ, ಆದರೆ ಮಾಲೀಕರು ಸಾಲ ತಂದು, ಫೆಬ್ರವರಿ ಮಾರ್ಚಿನಲ್ಲಿ ಇನ್ನೊಂದು ಪಾಳಿ ಹಾಕಿ 36,000 ಕ್ವಿಂಟಲ್ ತಯಾರಿಸಿದರು ಎನ್ನೋಣ. 60 ಲಕ್ಷ 36,000ಕ್ಕೆ ಹಂಚಿಹೋಗಿ ಕ್ವಿಂಟಲಿಗೆ ಸುಮಾರು ₹167 ಆಗುತ್ತದೆ. ಉಳಿದ 12,000 ಕ್ವಿಂಟಲಿನಲ್ಲಿ 20 ಲಕ್ಷ ಸ್ಥಿರ ಖರ್ಚು ಅಡಗುತ್ತದೆ. ಕಾಗದದ ಮೇಲಿನ ಲಾಭ 40 ಲಕ್ಷ. ಒಂದು ಚೀಲವೂ ಹೆಚ್ಚು ಮಾರಿಲ್ಲ, ಸಾಲ ಬೆಳೆದಿದೆ, ಗೋದಾಮಿನಲ್ಲಿ ಹುಳು ಬೀಳುವ ಭಯ ಬೇರೆ; ಲಾಭ ಮಾತ್ರ 32ರಿಂದ 40ಕ್ಕೆ ಏರಿದೆ. ಮಾರ್ಜಿನಲ್ ಲೆಕ್ಕ ಇದೇ ವರ್ಷಕ್ಕೆ ಮೊದಲಿನಂತೆ 20 ಲಕ್ಷ ಎಂದೇ ಹೇಳುತ್ತದೆ. ಲಾಭದ ಮೇಲೆ ವ್ಯವಸ್ಥಾಪಕರಿಗೆ ಕಮಿಷನ್ ಕೊಡುವ ಗಿರಣಿಗಳಲ್ಲಿ ಯಾವ ಲಾಭದ ಮೇಲೆ ಎಂದು ನಾನಾದರೆ ಮೊದಲೇ ಕೇಳುತ್ತೇನೆ.

ಇದರ ತದ್ವಿರುದ್ಧ ತಪ್ಪು ಬೆಳೆ ಕೈಕೊಟ್ಟ ವರ್ಷದಲ್ಲಿ ಆಗುತ್ತದೆ. ತೊಗರಿಗೆ ನೆಟೆ ರೋಗ ಬಂದು ಗಿರಣಿ ತಯಾರಿಸಿದ್ದು 15,000, ಮಾರಿದ್ದು 12,000, ಉಳಿದದ್ದು 3,000 ಎನ್ನಿ. ಲೆಕ್ಕ ಬರೆಯುವವರು 60 ಲಕ್ಷವನ್ನು 15,000ಕ್ಕೆ ಹಂಚಿ ಕ್ವಿಂಟಲಿಗೆ ₹400 ಎಂದು ಬರೆದರೆ, ದಾಸ್ತಾನಿನೊಳಗೆ 12 ಲಕ್ಷ ಹೋಗಿ ನಷ್ಟ 28 ಲಕ್ಷ ಎಂದು ಕಾಣುತ್ತದೆ. ಇದು ತಪ್ಪು. ಗಿರಣಿ ಅರ್ಧ ವರ್ಷ ಸುಮ್ಮನೆ ನಿಂತದ್ದರ ಖರ್ಚು ಬೇಳೆಯ ಬೆಲೆ ಆಗುವುದಿಲ್ಲ. ಸಾಧಾರಣ ಸಾಮರ್ಥ್ಯದ ₹200ರಂತೆಯೇ ಹಂಚಬೇಕು. ಆಗ ದಾಸ್ತಾನಿಗೆ 6 ಲಕ್ಷ, ನಷ್ಟ 34 ಲಕ್ಷ. ಮಾರ್ಜಿನಲ್ ಲೆಕ್ಕದಲ್ಲಿ ನಷ್ಟ 40 ಲಕ್ಷ.

ದಾಸ್ತಾನು ಮೌಲ್ಯಮಾಪನದ ಲೆಕ್ಕ ಮಾನದಂಡ ಎಎಸ್-2 ಹೇಳುವುದೂ ಇದನ್ನೇ. ಉತ್ಪಾದನೆ ಬಿದ್ದಾಗ ಕ್ವಿಂಟಲಿನ ದರ ಏರಿಸಬಾರದು, ಅಸಹಜವಾಗಿ ಏರಿದಾಗ ದರ ಇಳಿಸಬೇಕು. ಸಾಧಾರಣ ಸಾಮರ್ಥ್ಯವೆಂದರೆ ಹಲವು ವರ್ಷಗಳ ಅಥವಾ ಹಂಗಾಮುಗಳ ಸರಾಸರಿ, ಯಂತ್ರದ ಮೇಲೆ ಬರೆದ ಸಾಮರ್ಥ್ಯವಲ್ಲ. ಮಳೆಯನ್ನೇ ನಂಬಿದ ಊರಿನಲ್ಲಿ ಒಂದೆರಡು ಕೆಟ್ಟ ವರ್ಷಗಳೂ ಆ ಸರಾಸರಿಯಲ್ಲಿ ಸೇರಿರಲೇಬೇಕು.

ಬೆಲೆ ಬಿದ್ದಾಗ ಅಂತರ ಕುಗ್ಗುತ್ತದೆ

ಪಠ್ಯಪುಸ್ತಕದ ಉದಾಹರಣೆಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಸಂಗತಿ ಇದೆ. ದಾಸ್ತಾನನ್ನು ತಗುಲಿದ ವೆಚ್ಚ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಹಣ, ಇವೆರಡರಲ್ಲಿ ಕಡಿಮೆ ಇರುವುದಕ್ಕೆ ಬರೆಯಬೇಕು. ಮೊದಲ ವರ್ಷದ ಮಾರ್ಚ್ ಕೊನೆಗೆ ಬೇಳೆಯ ಬೆಲೆ ₹9,700ಕ್ಕೆ ಕುಸಿಯಿತು ಎಂದುಕೊಳ್ಳಿ. ದಲಾಲಿ ₹100 ಹೋದರೆ ಕೈಗೆ ₹9,600. ಅಬ್ಸಾರ್ಪ್ಷನ್ ವೆಚ್ಚ ₹9,700, ಆದ್ದರಿಂದ ಕ್ವಿಂಟಲಿಗೆ ₹100ರಂತೆ 6 ಲಕ್ಷ ಇಳಿಸಬೇಕು. ಲಾಭ 32ರಿಂದ 26ಕ್ಕೆ ಬರುತ್ತದೆ. ಮಾರ್ಜಿನಲ್ ವೆಚ್ಚ ₹9,500 ಇದಕ್ಕಿಂತ ಕೆಳಗಿದೆ, ಅಲ್ಲಿ ಇಳಿಸುವುದೇನೂ ಇಲ್ಲ. ಲಾಭ 20 ಲಕ್ಷವೇ. 12 ಲಕ್ಷದ ಅಂತರ 6ಕ್ಕೆ ಇಳಿಯಿತು. ಕೊನೆಯ ವಾರದ ಪೇಟೆ ಧಾರಣೆಯನ್ನು ನೋಡದೆ ಬರೀ ಸೂತ್ರದಿಂದ ಅಂತರ ತೆಗೆದವರಿಗೆ ಈ 6 ಲಕ್ಷ ಸಿಗುವುದಿಲ್ಲ.

ಹಾಗಾದರೆ ಯಾವುದು?

ವರ್ಷದ ಅಧಿಕೃತ ಲೆಕ್ಕಕ್ಕೆ ಆಯ್ಕೆಯೇ ಇಲ್ಲ. ಎಎಸ್-2 ಗಿರಣಿಯ ಸ್ಥಿರ ಖರ್ಚಿನ ಪಾಲನ್ನು ದಾಸ್ತಾನಿಗೆ ಸೇರಿಸಲು ಹೇಳುತ್ತದೆ. ಆದಾಯ ತೆರಿಗೆಗೆ ಅನ್ವಯಿಸುವ ಐಸಿಡಿಎಸ್-2 ಕೂಡ ಹಾಗೆಯೇ. ಲೆಕ್ಕ ಪರಿಶೋಧನೆಗೆ ಒಳಪಡುವಷ್ಟು ವಹಿವಾಟಿನ ಗಿರಣಿಯವರು «ಮಾರ್ಜಿನಲ್ ಹಿಡಿದರೆ ಈ ವರ್ಷ ತೆರಿಗೆ ಕಡಿಮೆ» ಎಂಬ ಸಲಹೆಗೆ ಕಿವಿಗೊಡಬೇಕಾಗಿಲ್ಲ.

ಒಳಗಿನ ನಿರ್ಧಾರಗಳಿಗೆ ನನ್ನ ಒಲವು ಸ್ಪಷ್ಟವಾಗಿ ಮಾರ್ಜಿನಲ್ ಕಡೆಗೆ. ಈ ಗಿರಣಿ ಎಷ್ಟು ಮಾರಿದರೆ ಲಾಭವೂ ಇಲ್ಲ ನಷ್ಟವೂ ಇಲ್ಲ ಎಂದರೆ, ಒಂದು ಕೋಟಿಯನ್ನು ₹500ರಿಂದ ಭಾಗಿಸಿ 20,000 ಕ್ವಿಂಟಲ್ ಎಂದು ತಕ್ಷಣ ಹೇಳಬಹುದು. ಅಬ್ಸಾರ್ಪ್ಷನ್ ಲೆಕ್ಕದಲ್ಲಿ ಆ ಸಂಖ್ಯೆ ಎಷ್ಟು ತಯಾರಿಸಿದಿರಿ ಎಂಬುದರ ಮೇಲೆ ಓಲಾಡುತ್ತದೆ. ತಿಂಗಳ ವರದಿಯಂತೂ ಅಬ್ಸಾರ್ಪ್ಷನ್‌ನಲ್ಲಿ ದಾರಿ ತಪ್ಪಿಸುವುದೇ ಹೆಚ್ಚು: ಫೆಬ್ರವರಿಯಲ್ಲಿ ತಯಾರಿ ಜೋರು, ಮಾರಾಟ ಮಂದ, ಆದರೂ ಲಾಭ ಹೊಳೆಯುತ್ತದೆ, ಆಗಸ್ಟಿನಲ್ಲಿ ಹಬ್ಬದ ಮಾರಾಟ ಜೋರಾಗಿದ್ದರೂ ಗಿರಣಿ ನಿಂತಿರುವುದರಿಂದ ಲಾಭ ಬಾಡುತ್ತದೆ.

ಹೆಚ್ಚುವರಿ ಆರ್ಡರಿನ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಗಿರಣಿ ಖಾಲಿ ಕೂತ ಜುಲೈನಲ್ಲಿ ಹೈದರಾಬಾದಿನ ವ್ಯಾಪಾರಿಯೊಬ್ಬರು 2,000 ಕ್ವಿಂಟಲ್ ಬೇಳೆಯನ್ನು ₹9,750ಕ್ಕೆ ಕೇಳುತ್ತಾರೆ. ಲಾರಿ, ಲೋಡಿಂಗ್ ಅವರದು, ದಲಾಲರಿಲ್ಲ. ಅಬ್ಸಾರ್ಪ್ಷನ್ ವೆಚ್ಚ ₹9,700, ಅದಕ್ಕೆ ಕಚೇರಿ ಖರ್ಚಿನ ಪಾಲು ₹133 ಸೇರಿಸಿದರೆ ₹9,833. ಕ್ವಿಂಟಲಿಗೆ ₹83 ನಷ್ಟ, ಬೇಡ ಎನ್ನುತ್ತದೆ ಆ ಲೆಕ್ಕ. ಮಾರ್ಜಿನಲ್ ಲೆಕ್ಕದಲ್ಲಿ ₹250ರಂತೆ 5 ಲಕ್ಷ ಸ್ಥಿರ ಖರ್ಚಿಗೆ ಒದಗುತ್ತದೆ. ಬೇಡವೆಂದರೂ ಆ ಸ್ಥಿರ ಖರ್ಚು ಕಟ್ಟಲೇಬೇಕು, ಆದ್ದರಿಂದ ಒಪ್ಪಿಕೊಳ್ಳಿ ಎನ್ನುತ್ತದೆ.

ಮಾರ್ಜಿನಲ್ ಮಾತು ಸರಿ, ಆದರೆ ಒಂದು ಷರತ್ತಿನ ಮೇಲೆ. ಗೋದಾಮಿನ ತೊಗರಿಯನ್ನು ಜನವರಿಯಲ್ಲಿ ₹7,000ಕ್ಕೆ ಕೊಂಡಿರಬಹುದು. ಜುಲೈನಲ್ಲಿ ಅದು ₹7,300ಕ್ಕೆ ಮಾರಾಟವಾಗುತ್ತಿದ್ದರೆ, ಒಡೆಯದೆ ಹಾಗೇ ಮಾರಿದರೂ ಆ ದುಡ್ಡು ಬರುತ್ತದೆ. 1.4 ಕ್ವಿಂಟಲಿಗೆ ₹300ರಂತೆ ₹420 ಹೆಚ್ಚುವರಿ. ನಿಜವಾದ ವೆಚ್ಚ ₹9,920. ಈಗ ₹9,750 ನಷ್ಟದ ಬೆಲೆ. ಪುಸ್ತಕದಲ್ಲಿ ಬರೆದ ಖರೀದಿ ಬೆಲೆಯನ್ನು ಹಿಡಿದರೆ ಎರಡೂ ಪದ್ಧತಿಗಳು ಇಲ್ಲಿ ಸುಳ್ಳು ಹೇಳುತ್ತವೆ. ಅಂದಿನ ಧಾರಣೆಯನ್ನೇ ಹಿಡಿಯಬೇಕು.

ಮಾರ್ಜಿನಲ್ ಪದ್ಧತಿಯ ಅಪಾಯವೂ ಇದೇ ಜಾಗದಲ್ಲಿ ಹುಟ್ಟುತ್ತದೆ. ₹250 ಬಂದರೂ ಲಾಭವೇ ಎಂಬ ರುಚಿ ಹತ್ತಿ ಎಲ್ಲ ಗಿರಾಕಿಗಳಿಗೂ ಅದೇ ಬೆಲೆ ಕೊಟ್ಟರೆ, 30,000 ಕ್ವಿಂಟಲ್ ಮಾರಿದರೂ ಬರುವುದು 75 ಲಕ್ಷ, ಸ್ಥಿರ ಖರ್ಚು ಒಂದು ಕೋಟಿ. ಕಾಯಂ ಗಿರಾಕಿಗಳ ಬೆಲೆ ನಿಗದಿಗೆ ಪೂರ್ಣ ವೆಚ್ಚದ ₹9,833, ಅದರ ಮೇಲೆ ದಲಾಲಿ ₹100 ಎಂಬ ಗೆರೆ ಕಣ್ಣ ಮುಂದಿರಬೇಕು. ಅಬ್ಸಾರ್ಪ್ಷನ್ ಪದ್ಧತಿ ಇಲ್ಲಿ ನಿಜವಾಗಿ ಉಪಕಾರಿ.

ಎರಡನ್ನೂ ಇಟ್ಟುಕೊಳ್ಳುವುದು ದೊಡ್ಡ ಕೆಲಸವೇನಲ್ಲ. ವರ್ಷವಿಡೀ ಮಾರ್ಜಿನಲ್ ಲೆಕ್ಕ ನಡೆಸಿ, ಮಾರ್ಚ್ 31ಕ್ಕೆ ಚೀಲ ಎಣಿಸಿದ ಮೇಲೆ ದಾಸ್ತಾನಿಗೆ ಸಾಧಾರಣ ದರದ ಸ್ಥಿರ ಖರ್ಚು ಸೇರಿಸುವ ಒಂದೇ ಹೊಂದಾಣಿಕೆ ನಮೂದು ಸಾಕು.

ಪಾಲುದಾರಿಕೆಯ ಗಿರಣಿಗಳಿಗೆ ಇನ್ನೊಂದು ಮಾತು. ಮೊದಲ ವರ್ಷದ ಕೊನೆಗೆ ನಾಲ್ಕರಲ್ಲೊಂದು ಪಾಲಿನವರು ಹೊರಗೆ ಹೋಗುತ್ತಾರೆ ಎನ್ನಿ. ಅಬ್ಸಾರ್ಪ್ಷನ್ ಪ್ರಕಾರ ಅವರ ಆ ವರ್ಷದ ಲಾಭ 8 ಲಕ್ಷ, ಮಾರ್ಜಿನಲ್ ಪ್ರಕಾರ 5 ಲಕ್ಷ. ಅಬ್ಸಾರ್ಪ್ಷನ್ ಹಿಡಿದರೆ, ಗೋದಾಮಿನಲ್ಲಿ ಕೂತ 12 ಲಕ್ಷದ ಭಾರವನ್ನು ಮುಂದಿನ ವರ್ಷ ಉಳಿದವರೇ ಹೊರುತ್ತಾರೆ. ಮಾರ್ಜಿನಲ್ ಹಿಡಿದರೆ, ಹೊರಟವರು ತಾವು ಮಾರದ ಬೇಳೆಯ ಖರ್ಚಿಗೂ ಪಾಲು ಕೊಟ್ಟು ಹೋದಂತೆ. ಮನಸ್ತಾಪ ಬಂದ ಮೇಲೆ ಇದನ್ನು ತೀರ್ಮಾನಿಸಲು ಕೂತರೆ ಇಬ್ಬರೂ ತಮಗೆ ಅನುಕೂಲವಾದ ಪದ್ಧತಿಯನ್ನೇ ಹಿಡಿಯುತ್ತಾರೆ. ಪಾಲುದಾರಿಕೆ ಪತ್ರದಲ್ಲೇ ಮೂರು ಸಂಗತಿ ಬರೆಸಿಡಿ: ನಿವೃತ್ತಿಯ ದಿನ ದಾಸ್ತಾನಿನ ಬೆಲೆಗೆ ಯಾವ ಪದ್ಧತಿ, ಸಾಧಾರಣ ಉತ್ಪಾದನೆ ಎಷ್ಟು ಕ್ವಿಂಟಲ್, ಪೇಟೆ ಧಾರಣೆಯನ್ನು ಯಾವ ದಿನದ್ದೆಂದು ಹಿಡಿಯಬೇಕು.